ಬಳಸದೇ ಇದ್ರೂ ಚಾರ್ಜ್ ಎಲ್ಲಿ ಹೋತು?

ಅಕ್ಕನ ಬಾಣಂತನ ಈ ಸಲ ಬೆಂಗಳೂರಲ್ಲೇ ಆಯ್ತು. ಹಾಗಾಗಿ ಅಪ್ಪ-ಅಮ್ಮ ಫೆಬ್ರವರಿ ಮೊದಲ ವಾರದಲ್ಲಿ ಊರಿನ ಮನೆಗೆ ಬೀಗ ಹಾಕಿ ಬಂದವರು, ವಾಪಸ್ ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ನಮ್ಮೂರು ರಾಯಚೂರು ಜಿಲ್ಲೆ. ಅವರನ್ನ ಬಿಟ್ಟು ಬರೋಕೆ ನಾನೂ ಹೋಗಿದ್ದೆ.

ಬೀಗ ತೆಗೆದು, ಕಸ ಗುಡಿಸಿ, ಮೇನ್ ಸ್ವಿಚ್ ಹಾಕಿದ್ವಿ. ಫ್ಯಾನ್ ತಿರುಗ್ತು. ಅರ್ಧ ಗಂಟೆಗೆ ಕರೆಂಟ್ ಹೋಯ್ತು, ಫ್ಯಾನೂ ನಿಂತು ಹೋಯ್ತು. ಇನ್ವರ್ಟರ್ ಒಂದೇ ಒಂದು ಸಲ ಕೀಂಯ್ ಅಂದು ಸುಮ್ಮನಾಯ್ತು. ಮಲ್ಟಿಮೀಟರ್ ಹಿಡಿದು ನೋಡಿದೆ. 12 ವೋಲ್ಟಿನ ಬ್ಯಾಟರಿ 10.2 ತೋರಿಸ್ತಿತ್ತು.

ಅಪ್ಪನಿಗೆ ನಂಬಿಕೇನೇ ಬರಲಿಲ್ಲ. "ನಾ ಸ್ವಿಚ್ ಆಫ್ ಮಾಡೇ ಬಂದೀನಲ್ಲೋ. ಏಳು ತಿಂಗಳು ಒಂದು ಲೈಟ್ ಸುದ್ದಾ ಉರಿಸಿಲ್ಲ. ಚಾರ್ಜ್ ಎಲ್ಲಿ ಹೋತು?"

ನಾಲ್ಕು ವರ್ಷದ ಹಿಂದೆ ತಗೊಂಡ 150 ಎಎಚ್ ಟ್ಯೂಬುಲರ್ ಬ್ಯಾಟರಿ ಅದು. ಹೊಸದು ಬೇಕಂದ್ರೆ ಅಪ್ಪನ ಒಂದು ತಿಂಗಳ ಪಿಂಚಣಿಯಲ್ಲಿ ಮುಕ್ಕಾಲು ಪಾಲು ಹೋಗುತ್ತೆ. ಇಂಜಿನಿಯರಿಂಗ್ ಓದಿದ ಮಗ ಎದುರಿಗಿದ್ದಾನೆ, ಉತ್ತರ ಕೊಡಲೇಬೇಕು. ನಾನು ಕೊಟ್ಟ ಮೊದಲ ಉತ್ತರ "ಹಳೇದಾಗಿತ್ತು ಬಿಡಪ್ಪ" ಅಂತ. ಅದು ಉತ್ತರ ಅಲ್ಲ, ಜಾರಿಕೊಂಡಿದ್ದು. ಸರಿಯಾದ ಉತ್ತರಕ್ಕೆ ಎರಡು ವಾರ ಬೇಕಾಯ್ತು.

ಮುಚ್ಚಿಟ್ಟ ಮಡಕೆ

ಬ್ಯಾಟರಿ ಅಂದ್ರೆ ಕರೆಂಟ್ ತುಂಬಿಟ್ಟ ಡಬ್ಬಿ ಅಂತ ನಾವು ಅಂದುಕೊಂಡಿರ್ತೀವಿ. ಅದರೊಳಗೆ ಕರೆಂಟ್ ಇರೋದಿಲ್ಲ. ಒಂದಕ್ಕೊಂದು ಸೇರಿ ಬದಲಾಗೋಕೆ ಕಾಯ್ತಿರೋ ಎರಡು ವಸ್ತು ಇರುತ್ತವೆ, ಅಷ್ಟೆ. ಇನ್ವರ್ಟರ್ ಬ್ಯಾಟರಿಯಲ್ಲಿ ಒಂದು ಕಡೆ ಸ್ಪಂಜಿನ ಥರದ ಸೀಸ, ಇನ್ನೊಂದು ಕಡೆ ಸೀಸದ ಡೈಆಕ್ಸೈಡ್, ಎರಡೂ ಮುಳುಗಿರೋದು ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್‌ನಲ್ಲಿ. ಎರಡೂ ಪ್ಲೇಟುಗಳಿಗೆ ಸೀಸದ ಸಲ್ಫೇಟ್ ಆಗೋದೇ ಇಷ್ಟ. ಹಾಗಾಗಬೇಕಾದ್ರೆ ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ದಾಟಬೇಕು. ಆ ದಾರಿಯನ್ನ ನಾವು ಹೊರಗಡೆ ವೈರ್ ಮೂಲಕ ಕೊಡ್ತೀವಿ, ದಾರಿಯ ಮಧ್ಯೆ ಫ್ಯಾನ್ ಕೂರಿಸ್ತೀವಿ.

ಸ್ವಿಚ್ ಆಫ್ ಮಾಡಿದಾಗ ಹೊರಗಿನ ದಾರಿ ಮುಚ್ಚುತ್ತೆ. ಒಳಗಿನ ಆಸೆ ಮುಚ್ಚೋದಿಲ್ಲ. ಒಳಗಡೆ ಸಣ್ಣ ಪುಟ್ಟ ಕಳ್ಳದಾರಿಗಳು ಯಾವಾಗ್ಲೂ ಇರುತ್ತವೆ. ಅವುಗಳಲ್ಲಿ ಚಾರ್ಜ್ ಸೋರೋದನ್ನೇ ಸೆಲ್ಫ್ ಡಿಸ್ಚಾರ್ಜ್ ಅಂತಾರೆ.

ಅಪ್ಪನಿಗೆ ನಾನು ಹೇಳಿದ್ದು ಮಡಕೆಯ ಉದಾಹರಣೆ. ಮಡಕೆ ತುಂಬಾ ನೀರು ತುಂಬಿ, ಮುಚ್ಚಳ ಹಾಕಿ, ಯಾರೂ ಮುಟ್ಟದೆ ಇಟ್ರೂ ವಾರದಲ್ಲಿ ನೀರು ಇಳಿದಿರುತ್ತೆ. ಬೇಸಿಗೆಯಲ್ಲಿ ಇನ್ನೂ ಬೇಗ. "ಆಯ್ತು, ಜಿನುಗತೈತಿ. ಆದ್ರ ನಮ್ಮ ಮಡಕಿಗೆ ತೂತು ಎಲ್ಲೈತಿ?" ಅಂದ್ರು ಅಪ್ಪ. ಹಂಗಾದ್ರೆ ತೂತುಗಳನ್ನ ಒಂದೊಂದಾಗಿ ನೋಡೋಣ.

ಮೊದಲ ತೂತು: ಸೀಸವೇ ಆಸಿಡ್ ಜೊತೆ ಸೇರೋದು

ನೆಗೆಟಿವ್ ಪ್ಲೇಟಿನ ಸೀಸ ಆಸಿಡ್‌ನಲ್ಲಿ ಮುಳುಗಿದೆ. ಲೋಹ ಆಸಿಡ್‌ನಲ್ಲಿದ್ರೆ ಕರಗಿ ಹೈಡ್ರೋಜನ್ ಬರಬೇಕು, ಇದು ಹೈಸ್ಕೂಲ್ ಪಾಠ. ಸೀಸಕ್ಕೂ ಅದು ಅನ್ವಯಿಸುತ್ತೆ. ಹಾಗಾದ್ರೆ ಈ ಬ್ಯಾಟರಿ ಒಂದೇ ದಿನದಲ್ಲಿ ಯಾಕೆ ಖಾಲಿಯಾಗಲ್ಲ? ಯಾಕಂದ್ರೆ ಶುದ್ಧ ಸೀಸದ ಮೇಲೆ ಹೈಡ್ರೋಜನ್ ಗುಳ್ಳೆ ಹುಟ್ಟೋದು ತುಂಬಾನೇ ಕಷ್ಟ, ಅಷ್ಟು ನಿಧಾನ. ಲೆಡ್-ಆಸಿಡ್ ಬ್ಯಾಟರಿ ಅನ್ನೋದು ನಿಂತಿರೋದೇ ಈ ನಿಧಾನದ ಮೇಲೆ.

ಈ ನಿಧಾನವನ್ನ ಕೆಡಿಸೋಕೆ ಒಂದು ಲೋಹ ಕಾಯ್ತಿರುತ್ತೆ, ಆಂಟಿಮನಿ. ಪ್ಲೇಟಿನ ಒಳಗಿನ ಅಸ್ಥಿಪಂಜರ ಬರೀ ಸೀಸದ್ದಾದ್ರೆ ತುಂಬಾ ಮೆತ್ತಗಿರುತ್ತೆ. ಗಟ್ಟಿಯಾಗ್ಲಿ, ಪದೇ ಪದೇ ಚಾರ್ಜ್ ಆಗಿ ಖಾಲಿಯಾಗೋ ಕೆಲಸ ತಡೀಲಿ ಅಂತ ಟ್ಯೂಬುಲರ್ ಬ್ಯಾಟರಿಗಳಲ್ಲಿ ಸ್ವಲ್ಪ ಆಂಟಿಮನಿ ಬೆರೆಸ್ತಾರೆ. ವರ್ಷಗಳು ಕಳೆದ ಹಾಗೆ ಪಾಸಿಟಿವ್ ಕಡೆಯ ಅಸ್ಥಿಪಂಜರ ಸವೆದು ಆಂಟಿಮನಿ ಆಸಿಡ್‌ಗೆ ಬಿಡುಗಡೆಯಾಗುತ್ತೆ, ಹೋಗಿ ನೆಗೆಟಿವ್ ಪ್ಲೇಟಿನ ಮೇಲೆ ಕೂರುತ್ತೆ. ಆಂಟಿಮನಿ ಕೂತ ಜಾಗದಲ್ಲಿ ಹೈಡ್ರೋಜನ್ ಸುಲಭವಾಗಿ ಹುಟ್ಟುತ್ತೆ. ಅಂದ್ರೆ ಬ್ಯಾಟರಿಗೆ ವಯಸ್ಸಾದ ಹಾಗೆ ಸೋರೋ ವೇಗವೂ ಹೆಚ್ಚುತ್ತೆ. ಸ್ಕೂಟರ್, ಯುಪಿಎಸ್‌ಗಳಲ್ಲಿರೋ ಸೀಲ್ಡ್ ಬ್ಯಾಟರಿಗಳಲ್ಲಿ ಆಂಟಿಮನಿ ಬದಲು ಕ್ಯಾಲ್ಸಿಯಂ ಬಳಸೋದಕ್ಕೆ ಇದೂ ಒಂದು ಕಾರಣ. ಅವು ಇನ್ನೂ ನಿಧಾನ ಸೋರ್ತವೆ.

ಎರಡನೇ ತೂತು: ಬೋರ್‌ವೆಲ್ ನೀರು

ಬ್ಯಾಟರಿ ರಿಪೇರಿ ಮಾಡೋ ಅಣ್ಣನನ್ನ ಕರೆಸಿದೆ. ಅವರು ಮೀಟರ್ ಮುಟ್ಟೋಕೆ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ. "ಸರ, ಇದಕ್ಕ ನೀರು ಯಾವ್ದು ಹಾಕ್ತಿದ್ರಿ?"

ಅಪ್ಪ ಸ್ವಲ್ಪ ತಡೆದು ಹೇಳಿದ್ರು. "ಡಿಸ್ಟಿಲ್ಡ್ ವಾಟರೇ ಹಾಕೀನಿ. ಒಂದೆರಡು ಸಲ ಕ್ಯಾನ್ ಮುಗದಿತ್ತು, ಬೋರ್ ನೀರು ಸೋಸಿ ಹಾಕಿದ್ದೆ."

ಅಣ್ಣ ಹಿತ್ತಲಿನ ಬೋರ್ ನಲ್ಲಿ ಕೆಳಗಿದ್ದ ಬಕೆಟ್ ತೋರಿಸಿ ನಕ್ಕರು. ಅದರ ಒಳಗೆಲ್ಲಾ ಕೆಂಪು ಕರೆ. ಕಬ್ಬಿಣದ್ದು.

ಬಟ್ಟೆಯಲ್ಲಿ ಸೋಸಿದ್ರೆ ಮಣ್ಣು ಹೋಗುತ್ತೆ, ನೀರಲ್ಲಿ ಕರಗಿರೋ ಕಬ್ಬಿಣ ಹೋಗಲ್ಲ. ಅದು ಬ್ಯಾಟರಿಯೊಳಗೆ ಮಾಡೋ ಕೆಲಸ ನೋಡಿ. ಕಬ್ಬಿಣದ ಅಯಾನ್ ನೆಗೆಟಿವ್ ಪ್ಲೇಟಿನ ಹತ್ರ ಹೋಗಿ ಒಂದು ಎಲೆಕ್ಟ್ರಾನ್ ಎತ್ತಿಕೊಳ್ಳುತ್ತೆ. ಆಸಿಡ್‌ನಲ್ಲಿ ತೇಲಿಕೊಂಡು ಪಾಸಿಟಿವ್ ಪ್ಲೇಟಿಗೆ ಬರುತ್ತೆ, ಅಲ್ಲಿ ಎಲೆಕ್ಟ್ರಾನ್ ಇಳಿಸುತ್ತೆ. ಖಾಲಿ ಕೈಯಲ್ಲಿ ಮತ್ತೆ ನೆಗೆಟಿವ್ ಕಡೆಗೆ. ಎಪಿಎಂಸಿ ಹಮಾಲಿಯ ಹಾಗೆ ಲೋಡ್ ಎತ್ತು, ಇಳಿಸು, ಮತ್ತೆ ಬಾ. ವೈರ್ ಮೂಲಕ ದಾಟಬೇಕಿದ್ದ ಎಲೆಕ್ಟ್ರಾನ್ ಹೀಗೆ ಆಸಿಡ್ ಮೂಲಕವೇ ದಾಟಿಬಿಡುತ್ತೆ.

ಇದರಲ್ಲಿ ಕೆಟ್ಟದ್ದೇನಂದ್ರೆ ಹಮಾಲಿ ದಣಿಯೋದಿಲ್ಲ, ಖರ್ಚಾಗೋದೂ ಇಲ್ಲ. ಹಾಕಿದ್ದು ಒಂದೇ ಒಂದು ಸಲ ಆದ್ರೂ ಕಬ್ಬಿಣ ಬ್ಯಾಟರಿ ಬದುಕಿರೋವರೆಗೂ ಓಡಾಡ್ತಾನೇ ಇರುತ್ತೆ. ಆಮೇಲೆ ಎಷ್ಟು ಡಿಸ್ಟಿಲ್ಡ್ ವಾಟರ್ ಹಾಕಿದ್ರೂ ಅದು ಹೊರಗೆ ಬರಲ್ಲ, ಯಾಕಂದ್ರೆ ಬ್ಯಾಟರಿಯಿಂದ ಆವಿಯಾಗಿ ಹೋಗೋದು ನೀರು ಮಾತ್ರ.

ಮೂರನೇ ತೂತು ಕಣ್ಣಿಗೇ ಕಾಣ್ತಿತ್ತು. ಬ್ಯಾಟರಿಯ ತಲೆ ಮೇಲೆ ಧೂಳು, ಅದಕ್ಕೆ ಆಸಿಡ್ ತೇವ ಸೇರಿ ಅಂಟಂಟಾದ ಪದರ. ಆ ಪದರ ಎರಡು ಟರ್ಮಿನಲ್ ಮಧ್ಯೆ ಸಣ್ಣ ವೈರಿನ ಕೆಲಸ ಮಾಡುತ್ತೆ. ನೋಡೋದು ಸುಲಭ. ಮಲ್ಟಿಮೀಟರಿನ ಒಂದು ಮೊನೆ ಟರ್ಮಿನಲ್‌ಗೆ, ಇನ್ನೊಂದು ಪ್ಲಾಸ್ಟಿಕ್ ಮೇಲ್ಮೈಗೆ ಇಟ್ಟು ಎಳೀರಿ. ಬರೀ ಪ್ಲಾಸ್ಟಿಕ್ ಆದ್ರೆ ಏನೂ ತೋರಿಸಬಾರದು. ನಮ್ಮದರಲ್ಲಿ ವೋಲ್ಟ್ ಕಾಣಿಸ್ತು. ಮುಚ್ಚಳಗಳನ್ನ ಬಿಗಿ ಮಾಡಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿದ ಮೇಲೆ ಹೋಯ್ತು. ಸೋಡಾ ನೀರು ಒಳಗೆ ಮಾತ್ರ ಹೋಗಬಾರದು, ಆಸಿಡ್ ಕೆಡುತ್ತೆ.

ಅಂದ ಹಾಗೆ ಅಪ್ಪ ಬ್ಯಾಟರಿ ಕೆಳಗೆ ಹಲಗೆ ಇಟ್ಟಿದ್ರು, ಸಿಮೆಂಟ್ ನೆಲ ಚಾರ್ಜ್ ಎಳೆದುಕೊಳ್ಳುತ್ತೆ ಅಂತ. ಮರದ, ರಬ್ಬರಿನ ಡಬ್ಬಿ ಇದ್ದ ಕಾಲದ ಮಾತು ಅದು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲದಿಂದ ಏನೂ ಆಗಲ್ಲ. ತಣ್ಣಗಿರೋ ನೆಲ ಇನ್ನೂ ಒಳ್ಳೇದೇ.

ಬಿಸಿಲು ಮಾಡಿದ ಲೆಕ್ಕ

ತಣ್ಣಗೆ ಅಂದೆನಲ್ಲ, ಇಡೀ ಕಥೆಯ ಮುಖ್ಯ ವಿಷಯ ಅದೇ. ಮೇಲೆ ಹೇಳಿದ ಒಳಗಿನ ಸೋರಿಕೆಗಳೆಲ್ಲ ರಾಸಾಯನಿಕ ಕ್ರಿಯೆಗಳು. ರಾಸಾಯನಿಕ ಕ್ರಿಯೆಗೆ ಬಿಸಿ ಅಂದ್ರೆ ವೇಗ. ಲೆಡ್-ಆಸಿಡ್ ಬ್ಯಾಟರಿಗೆ ಒಂದು ಒರಟು ಲೆಕ್ಕ ಇದೆ. ಉಷ್ಣತೆ 10 ಡಿಗ್ರಿ ಏರಿದ್ರೆ ಸೋರೋ ವೇಗ ಸುಮಾರು ಎರಡು ಪಟ್ಟು.

ನಮ್ಮ ಬ್ಯಾಟರಿ ಇದ್ದಿದ್ದು ಅಡುಗೆಮನೆ ಪಕ್ಕದ ಸಣ್ಣ ಕೋಣೆಯಲ್ಲಿ, ಮೇಲೆ ತಗಡಿನ ಶೀಟು. ಏಳು ತಿಂಗಳು ಕಿಟಕಿ ಕೂಡ ತೆಗೆದಿಲ್ಲ. ರಾಯಚೂರಿನ ಏಪ್ರಿಲ್-ಮೇ ಬಿಸಿಲಿಗೆ ಆ ಕೋಣೆ ಹೆಂಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಲೆಕ್ಕ ಹಾಕೋಣ. ನಾಲ್ಕು ವರ್ಷದ ಆಂಟಿಮನಿ ಬ್ಯಾಟರಿ, ಮೇಲೆ ಬೋರ್ ನೀರು. 27 ಡಿಗ್ರಿಯಲ್ಲಿ ತಿಂಗಳಿಗೆ 5 ಶೇಕಡ ಸೋರುತ್ತೆ ಅಂತ ಇಟ್ಕೊಳ್ಳಿ. 150 ಎಎಚ್‌ಗೆ ಅದು 7.5 ಎಎಚ್.

ಫೆಬ್ರವರಿಗೆ 7.5. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳು ಕೋಣೆ 37ರ ಆಸುಪಾಸು ಅಂದ್ರೆ ತಿಂಗಳಿಗೆ 15ರಂತೆ 45. ಜೂನ್‌ನಿಂದ ಆಗಸ್ಟ್‌ವರೆಗೆ ಮತ್ತೆ 7.5ರಂತೆ 22.5. ಎಲ್ಲ ಕೂಡಿದ್ರೆ 75 ಎಎಚ್. ಬ್ಯಾಟರಿಯ ಅರ್ಧ. ಅದರಲ್ಲೂ ಹೆಚ್ಚಿನ ಪಾಲು ಹೋಗಿದ್ದು ಮೂರೇ ತಿಂಗಳ ಬೇಸಿಗೆಯಲ್ಲಿ.

ಇದು ನಿಖರ ಲೆಕ್ಕ ಅಲ್ಲ, ಅಂದಾಜು. ಆದ್ರೂ ಇದು ಒಂದು ವಿಷಯ ಸ್ಪಷ್ಟ ಮಾಡ್ತು. ಅರ್ಧ ಹೋಯ್ತು, ಸರಿ. ಉಳಿದ ಅರ್ಧ ಎಲ್ಲಿ?

ಆಫ್ ಆಗದ ಸ್ವಿಚ್

ಇಲ್ಲಿ ಅಪ್ಪನ ತಪ್ಪಿಲ್ಲ. ಇನ್ವರ್ಟರ್ ಮುಂದಿನ ಸ್ವಿಚ್ ಆಫ್ ಮಾಡಿದ್ರು, ಮನೆಯ ಮೇನ್ ಕೂಡ ಇಳಿಸಿದ್ರು. ಆದ್ರೆ ಆ ಮುಂದಿನ ಸ್ವಿಚ್ ಬ್ಯಾಟರಿಯ ವೈರನ್ನ ಕತ್ತರಿಸೋದಿಲ್ಲ. ಒಳಗಿನ ಸರ್ಕ್ಯೂಟಿಗೆ "ಕೆಲಸ ನಿಲ್ಲಿಸು" ಅಂತ ಹೇಳುತ್ತೆ, ಅಷ್ಟೆ. ಆ ಮಾತು ಕೇಳಿಸಿಕೊಳ್ಳೋ ಸರ್ಕ್ಯೂಟ್ ಎಚ್ಚರವಾಗೇ ಇರುತ್ತೆ.

ಇದನ್ನ ಅಳೆದೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಟರ್ಮಿನಲ್‌ಗೂ ಮಧ್ಯೆ ಮಲ್ಟಿಮೀಟರನ್ನ ಆಂಪಿಯರ್ ಮೋಡ್‌ನಲ್ಲಿ ಜೋಡಿಸಿದೆ. ಮೊದಲು 10 ಆಂಪಿಯರ್ ರೇಂಜಲ್ಲಿ, ಆಮೇಲೆ ಚಿಕ್ಕ ರೇಂಜಿಗೆ. ಆಫ್ ಆಗಿರೋ ಇನ್ವರ್ಟರ್ 15 ಮಿಲಿಆಂಪಿಯರ್ ಎಳೀತಿತ್ತು. (ನೀವು ಮಾಡೋದಾದ್ರೆ ಮೀಟರ್ ಜೋಡಿಸಿರುವಾಗ ಇನ್ವರ್ಟರ್ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ.)

15 ಮಿಲಿಆಂಪಿಯರ್ ಅಂದ್ರೆ ಏನೂ ಅಲ್ಲ ಅನ್ಸುತ್ತೆ. ಗುಣಿಸಿ ನೋಡಿ. 0.015 ಆಂಪಿಯರ್, ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ: 10.8 ಎಎಚ್. ಏಳು ತಿಂಗಳಿಗೆ 75.6.

75 ಒಳಗೆ ಸೋರಿದ್ದು, 75.6 ಹೊರಗೆ ಹೀರಿದ್ದು. ಒಟ್ಟು 150. ಇಷ್ಟು ಅಚ್ಚುಕಟ್ಟಾಗಿ ಕೂಡಿಬಂದಿದ್ದು ನನ್ನ ಅಂದಾಜಿನ ಅದೃಷ್ಟ ಇರಬಹುದು, ಆದ್ರೆ ಅಪ್ಪನ ಪ್ರಶ್ನೆಗೆ ಉತ್ತರ ಇದೇ. ಎರಡರಲ್ಲಿ ಯಾವುದೋ ಒಂದೇ ಇದ್ದಿದ್ರೆ ಸೆಪ್ಟೆಂಬರ್‌ನಲ್ಲಿ ಫ್ಯಾನ್ ನಿಲ್ಲುತ್ತಿರಲಿಲ್ಲ.

ಈ ಎರಡನ್ನ ಬೇರೆ ಬೇರೆ ಅಂತ ತಿಳ್ಕೊಳ್ಳೋದು ಯಾಕೆ ಮುಖ್ಯ ಅಂದ್ರೆ, ಮದ್ದು ಬೇರೆ. ಹೊರಗಿನ ಹೀರಿಕೆಗೆ ಒಂದು ಸ್ಪ್ಯಾನರ್ ಸಾಕು, ಕೇಬಲ್ ಬಿಚ್ಚಿದ್ರೆ ಸೊನ್ನೆ ಆಗುತ್ತೆ. ಒಳಗಿನ ಸೋರಿಕೆಯನ್ನ ಸೊನ್ನೆ ಮಾಡೋಕೆ ಆಗೋದೇ ಇಲ್ಲ, ನಿಧಾನ ಮಾಡಬಹುದು ಅಷ್ಟೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ತಿಂಗಳುಗಟ್ಟಲೆ ನಿಂತ ಕಾರು ಸ್ಟಾರ್ಟ್ ಆಗದೇ ಇರೋದೂ ಇದೇ ಜೋಡಿಯಿಂದ. ಅಲ್ಲಿ ಗಡಿಯಾರ, ಅಲಾರಂ, ಜಿಪಿಎಸ್ ಟ್ರ್ಯಾಕರ್ ಹೀರ್ತಾ ಇರುತ್ತವೆ.

ಖಾಲಿ ಆಗಿದ್ದಕ್ಕಿಂತ ಖಾಲಿ ಇದ್ದಿದ್ದೇ ಕೆಟ್ಟದ್ದು

ಖಾಲಿ ಆದ್ರೆ ಮತ್ತೆ ತುಂಬಿಸಿದ್ರಾಯ್ತು ಅಲ್ವಾ? ಆಗಲ್ಲ. ಚಾರ್ಜ್ ಇಳಿದಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ ಅಂದೆನಲ್ಲ, ಹೊಸದಾಗಿದ್ದಾಗ ಅದು ಸಣ್ಣ ಸಣ್ಣ ಹರಳು. ತಕ್ಷಣ ಚಾರ್ಜ್ ಮಾಡಿದ್ರೆ ಕರಗಿ ವಾಪಸ್ ಸೀಸ ಆಗುತ್ತೆ. ವಾರಗಟ್ಟಲೆ ಹಾಗೇ ಬಿಟ್ರೆ ಸಣ್ಣ ಹರಳು ಕರಗಿ ದೊಡ್ಡ ಹರಳಿಗೆ ಸೇರ್ಕೊಳ್ಳುತ್ತೆ. ಡಬ್ಬದಲ್ಲಿ ಮಳೆಗಾಲ ಕಳೆದ ಸಕ್ಕರೆ ಗಟ್ಟೆಯಾದ ಹಾಗೆ. ದೊಡ್ಡ ಹರಳು ಚಾರ್ಜರಿಗೆ ಸುಲಭಕ್ಕೆ ಜಗ್ಗಲ್ಲ. ಆ ಜಾಗದ ಸೀಸ ಲೆಕ್ಕದಿಂದ ಹೋದಂಗೇ. ಇದನ್ನೇ ಸಲ್ಫೇಷನ್ ಅನ್ನೋದು.

ಅಣ್ಣ ಬ್ಯಾಟರಿಯನ್ನ ಅಂಗಡಿಗೆ ಒಯ್ದು, ಕಿಟಕಿ ಬಾಗಿಲು ತೆರೆದಿಟ್ಟು (ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ) ಬರೀ 6 ಆಂಪಿಯರ್‌ನಲ್ಲಿ ಎರಡೂವರೆ ದಿನ ನಿಧಾನಕ್ಕೆ ಚಾರ್ಜ್ ಮಾಡಿದ್ರು. ಆಮೇಲೆ ಹೈಡ್ರೋಮೀಟರ್ ಹಾಕಿ ಆರೂ ಸೆಲ್ ನೋಡಿದ್ರು. ನಮ್ಮ ಕಡೆಯ ಟ್ಯೂಬುಲರ್ ಬ್ಯಾಟರಿ ತುಂಬಿದಾಗ ಆಸಿಡ್ 1.240 ತೋರಿಸಬೇಕು. ಐದು ಸೆಲ್ 1.220, 1.225 ಹೀಗೆ ಬಂದವು. ಒಂದು ಮಾತ್ರ 1.150ರಲ್ಲೇ ನಿಂತಿತು.

ಕೇಬಲ್ ಜೋಡಿಸದೆ ಹತ್ತು ದಿನ ಹಾಗೇ ಇಟ್ಟು ಮತ್ತೆ ನೋಡಿದ್ವಿ. ಐದು ಸೆಲ್ ಕೂದಲೆಳೆಯಷ್ಟು ಇಳಿದಿದ್ವು. ಆ ಒಂದು ಸೆಲ್ 1.120. ಹೊರಗೆ ಏನೂ ಹೀರ್ತಿಲ್ಲ, ಆರಕ್ಕೂ ಒಂದೇ ನೀರು, ಒಂದೇ ಬಿಸಿ. ಒಂದೇ ಸೆಲ್ ಬೇಗ ಇಳೀತಿದೆ ಅಂದ್ರೆ ಅದರೊಳಗೆ ಪ್ಲೇಟಿಗೆ ಪ್ಲೇಟು ತಾಗೋ ಹಾಗೆ ಏನೋ ಬೆಳೆದಿದೆ ಅಥವಾ ಉದುರಿದೆ. "ಈ ಸೆಲ್ ಹೋತ್ರಿ ಸರ" ಅಂದ್ರು ಅಣ್ಣ. ಎರಡು ಫ್ಯಾನು, ಎರಡು ಲೈಟು ಮೊದಲು ಎಷ್ಟು ಹೊತ್ತು ಓಡ್ತಿದ್ವೋ, ಈಗ ಅದರ ಅರ್ಧ. ಕೊನೆಗೆ ಹಳೇದನ್ನ ಕೊಟ್ಟು ಹೊಸದು ತಂದ್ವಿ.

ಅಮ್ಮನ ಫೋನು

ಅದೇ ದಿನ ಅಮ್ಮ ಟ್ರಂಕ್ ತೆಗೆದು ಹಳೇ ಫೋನ್ ಹುಡುಕ್ತಿದ್ರು. ಅದರಲ್ಲಿ ತೀರಿಹೋದ ಅಜ್ಜಿಯ ಒಂದಷ್ಟು ವಿಡಿಯೋ ಇದ್ದವು, ಎಲ್ಲೂ ಬ್ಯಾಕಪ್ ಇಲ್ಲ. ಬ್ಯಾಟರಿ ಗತಿ ನೋಡಿದ ಮೇಲೆ ನನಗೆ ಕೈ ನಡುಗ್ತಿತ್ತು. ಪವರ್ ಬಟನ್ ಒತ್ತಿದೆ. ಆನ್ ಆಯ್ತು, 36 ಶೇಕಡ ಚಾರ್ಜ್ ಸಮೇತ.

"ಹೊರಡೋ ದಿನ ಫುಲ್ ಮಾಡಬೇಕಂದ್ರ ಕರೆಂಟೇ ಇದ್ದಿಲ್ಲ. ಅರ್ಧದ ಮ್ಯಾಲ ಸ್ವಲ್ಪ ಇತ್ತು, ಹಂಗೇ ಆಫ್ ಮಾಡಿ ಇಟ್ಟೆ" ಅಂದ್ರು ಅಮ್ಮ. ಕರೆಂಟ್ ಇಲ್ಲದೇ ಇದ್ದಿದ್ದು ಆವತ್ತು ಒಳ್ಳೇದೇ ಆಯ್ತು.

ಫೋನಿನದು ಲಿಥಿಯಂ ಬ್ಯಾಟರಿ. ಇದರ ನಿಯಮ ಉಲ್ಟಾ. ಲೆಡ್-ಆಸಿಡ್‌ಗೆ ಖಾಲಿ ಇರೋದು ವಿಷ, ಹಾಗಾಗಿ ತುಂಬಿ ಇಡಬೇಕು. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ ಒಳಗಿನ ಎರಡೂ ಬದಿ ತುಂಬಾ ಚುರುಕಾಗಿರುತ್ತೆ, ಮಧ್ಯದ ದ್ರಾವಣವನ್ನ ನಿಧಾನಕ್ಕೆ ತಿನ್ನುತ್ತೆ. ನೆಗೆಟಿವ್ ಕಡೆ ಅದು ಒಂದು ಪದರವಾಗಿ ಬೆಳೀತಾ ಲಿಥಿಯಂ ನುಂಗುತ್ತೆ. ಹಾಗೆ ಹೋದ ಲಿಥಿಯಂ ಚಾರ್ಜ್ ಮಾಡಿದ್ರೂ ಬರಲ್ಲ. ಹಾಗಂತ ತೀರಾ ಖಾಲಿ ಇಟ್ರೆ, ತಿಂಗಳುಗಳಲ್ಲಿ ವೋಲ್ಟೇಜ್ ಪಾತಾಳಕ್ಕಿಳಿದು ಒಳಗಿನ ತಾಮ್ರದ ಹಾಳೆ ಕರಗೋಕೆ ಶುರುವಾಗುತ್ತೆ. ಅಂಥದ್ದನ್ನ ಮತ್ತೆ ಚಾರ್ಜ್ ಮಾಡೋದು ಅಪಾಯ. ಅದಕ್ಕೇ ಮಧ್ಯದ ದಾರಿ. ಆಪಲ್ ಕಂಪನಿ ತನ್ನ ಸಾಧನಗಳನ್ನ ಬಹಳ ದಿನ ಎತ್ತಿಡೋದಾದ್ರೆ ಸುಮಾರು 50 ಶೇಕಡ ಚಾರ್ಜ್‌ನಲ್ಲಿ, ಆಫ್ ಮಾಡಿ, 32 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿ ಇಡಿ, ಆರು ತಿಂಗಳಿಗೊಮ್ಮೆ ಮತ್ತೆ 50ಕ್ಕೆ ತನ್ನಿ ಅಂತ ಹೇಳುತ್ತೆ.

ಅಮ್ಮನ ಟ್ರಂಕ್ ಇದ್ದಿದ್ದು ನಡುಮನೆಯಲ್ಲಿ, ಮಣ್ಣಿನ ಮಾಳಗಿ ಕೆಳಗೆ. ಮೇ ತಿಂಗಳಲ್ಲೂ ಮಧ್ಯಾಹ್ನ ಮಲಗೋಕೆ ಆಗೋಷ್ಟು ತಂಪು. ತಗಡಿನ ಕೋಣೆಯಿಂದ ಹದಿನೈದು ಹೆಜ್ಜೆ ದೂರ. ಒಂದೇ ಮನೆ, ಒಂದೇ ಏಳು ತಿಂಗಳು, ಎರಡು ಬ್ಯಾಟರಿಯ ಎರಡು ಹಣೆಬರಹ.

ಲಿಥಿಯಂ ಒಳಗೂ ಹಮಾಲಿಗಳು ಇರ್ತಾರೆ ಅನ್ನೋದು ನನಗೆ ಆಮೇಲೆ ಓದಿ ಗೊತ್ತಾಯ್ತು. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿರೋ ಡಾಲ್‌ಹೌಸಿ ವಿಶ್ವವಿದ್ಯಾಲಯದ ಮೈಕೆಲ್ ಮೆಟ್ಜ್‌ಗರ್ ಅವರ ತಂಡ ಬಿಸಿಯಲ್ಲಿಟ್ಟ ಲಿಥಿಯಂ ಸೆಲ್‌ಗಳನ್ನ ಬಿಚ್ಚಿ ನೋಡಿದಾಗ, ಬಣ್ಣವೇ ಇರಬಾರದ ದ್ರಾವಣ ಕೆಂಪಾಗಿತ್ತು. ಹುಡುಕ್ತಾ ಹೋದ್ರೆ ಕಾರಣ ಸಿಕ್ಕಿದ್ದು ಸೆಲ್ ಒಳಗೆ ಪದರಗಳನ್ನ ಅಂಟಿಸಿ ಹಿಡಿದಿದ್ದ ಸಣ್ಣ ಟೇಪಿನಲ್ಲಿ. ಪಿಇಟಿ ಪ್ಲಾಸ್ಟಿಕ್, ನೀರಿನ ಬಾಟಲಿ ಮಾಡ್ತಾರಲ್ಲ, ಅದೇ. ಅದು ದ್ರಾವಣದಲ್ಲಿ ಒಡೆದು ಒಂದು ಅಣು ಹುಟ್ಟುತ್ತೆ, ಆ ಅಣು ಎರಡು ಬದಿಗಳ ಮಧ್ಯೆ ಎಲೆಕ್ಟ್ರಾನ್ ಹೊತ್ತು ಓಡಾಡುತ್ತೆ. ಕೆಲಸ ನಮ್ಮ ಬೋರ್ ನೀರಿನ ಕಬ್ಬಿಣದ್ದೇ! 2023ರಲ್ಲಿ ಇದು ಸುದ್ದಿಯಾಯ್ತು. ಅವರು ಸೂಚಿಸಿದ ಪರಿಹಾರವೂ ಸರಳ, ಇನ್ನೂ ಗಟ್ಟಿಯಾದ ಬೇರೆ ಪ್ಲಾಸ್ಟಿಕ್ಕಿನ ಟೇಪ್ ಹಾಕೋದು.

ಈಗ ಅಪ್ಪ ಮಾಡೋದು

ಹೊಸ ಬ್ಯಾಟರಿ ಈಗ ನಡುಮನೆಗೆ ತಾಗಿದ, ಗಾಳಿ ಆಡೋ ಪಡಸಾಲೆಗೆ ಬಂದಿದೆ. ಮಾರ್ಚ್‌ನಲ್ಲಿ ಅಪ್ಪ-ಅಮ್ಮ ಮತ್ತೆ ಮೊಮ್ಮಗಳನ್ನ ನೋಡೋಕೆ ಮೂರು ತಿಂಗಳು ಬೆಂಗಳೂರಿಗೆ ಬಂದ್ರು. ಹೊರಡೋ ಮುಂಚೆ ಡಿಸ್ಟಿಲ್ಡ್ ವಾಟರ್ ಲೆವೆಲ್ ನೋಡಿ, ಪೂರ್ತಿ ಚಾರ್ಜ್ ಮಾಡಿ, ಮೇಲೆ ಒರೆಸಿ, ನೆಗೆಟಿವ್ ಕೇಬಲ್ ಬಿಚ್ಚಿ ಅದರ ತುದಿಗೆ ಬಟ್ಟೆ ಸುತ್ತಿದ್ರು. ಮೇನ್ ಆನ್ ಇಟ್ಟು ಇನ್ವರ್ಟರ್ ಚಾರ್ಜ್ ಮಾಡ್ತಾನೇ ಇರೋಕೆ ಬಿಟ್ರೂ ಸೋರಿದ್ದು ತುಂಬ್ತಾ ಇರುತ್ತೆ, ಆದ್ರೆ ನೀರು ಕಮ್ಮಿಯಾದ್ರೆ ನೋಡೋರಿಲ್ಲ, ಮುಚ್ಚಿದ ಮನೇಲಿ ಕರೆಂಟ್ ಬಿಡೋಕೆ ಅಪ್ಪನಿಗೆ ಮನಸ್ಸೂ ಇಲ್ಲ.

ಬ್ಯಾಟರಿ ಮೇಲೆ ಒಂದು ಪ್ಲಾಸ್ಟರ್ ಅಂಟಿಸಿ ತಾರೀಕು, ವೋಲ್ಟ್ ಬರೆದಿದ್ದಾರೆ. ಚಾರ್ಜ್ ಮುಗಿದ ತಕ್ಷಣ ಅಳೆದ್ರೆ ಸುಳ್ಳು ಹೇಳುತ್ತೆ, ಒಂದು ರಾತ್ರಿ ಬಿಟ್ಟು ಅಳೀಬೇಕು. ಹೈಡ್ರೋಮೀಟರ್ ಇಲ್ಲದಿದ್ರೂ ಆಸಿಡ್ ಗೊತ್ತು ಮಾಡ್ಕೊಳ್ಳೋಕೆ ಒಂದು ಸುಲಭ ಸೂತ್ರ ಇದೆ. ಆಸಿಡ್ ರೀಡಿಂಗ್‌ಗೆ 0.84 ಕೂಡಿಸಿದ್ರೆ ಒಂದು ಸೆಲ್ಲಿನ ವೋಲ್ಟ್. 1.240ಕ್ಕೆ 2.08, ಆರು ಸೆಲ್‌ಗೆ 12.48. ನಮ್ಮ ಪ್ಲಾಸ್ಟರ್ ಮೇಲೆ ಇರೋದೂ 12.48.

ತಿಂಗಳಿಗೊಮ್ಮೆ ಪಕ್ಕದ ಮನೆ ಹುಡುಗ ಬಂದು ಅಳೆದು ಫೋಟೋ ಕಳಿಸ್ತಾನೆ. 12.3ಕ್ಕೆ ಇಳಿದ್ರೆ ಒಂದು ದಿನ ಕೇಬಲ್ ಜೋಡಿಸಿ ಚಾರ್ಜ್ ಮಾಡಬೇಕು ಅಂತ ಒಪ್ಪಂದ. ಮೇ ಕೊನೆಗೆ ಬಂದ ಫೋಟೋದಲ್ಲಿ 12.41 ಇತ್ತು.

ಅಪ್ಪ ಫೋಟೋ ದೊಡ್ಡದು ಮಾಡಿ ನೋಡಿದ್ರು. "ಜಿನುಗೇತಿ. ಆದ್ರ ಸ್ವಲ್ಪ" ಅಂದ್ರು. ಆಮೇಲೆ ಕನ್ನಡಕ ತೆಗೆದು, "ಆ ಬೋರ್ ನೀರಿನ ಬಕೆಟ್ ಹುಡುಗನ ಕೈಗೆ ಸಿಗದಂಗ ಎತ್ತಿಡಾಕ ಹೇಳು."